ಮರಳಿ ಬಂದ ಕುರ್ತಿಗಳ ಜಾಡು ಹಿಡಿದು

ಆನ್‌ಲೈನ್ ಬಟ್ಟೆ ಮಳಿಗೆಯಲ್ಲಿ ವಾಪಸಾತಿ ಏಕಾಏಕಿ ಏರಿದಾಗ ಮೊದಲು ಪರೀಕ್ಷಿಸಬೇಕಾದದ್ದು ಲೆಕ್ಕ ಹಾಕಿದ ರೀತಿಯನ್ನು. ಈ ತಿಂಗಳು ಮರಳಿದ ಬಟ್ಟೆಗಳಲ್ಲಿ ಹಲವು ಹಿಂದಿನ ತಿಂಗಳು ಮಾರಾಟವಾದವು. ಹಬ್ಬದ ಮಾರಾಟ ಇಳಿದ ಮೇಲೆ ಅವುಗಳನ್ನು ಈ ತಿಂಗಳ ಮಾರಾಟದಿಂದ ಭಾಗಿಸಿದರೆ ಇಲ್ಲದ ಏರಿಕೆಯೂ ಕಾಣುತ್ತದೆ. ಆದ್ದರಿಂದ ಪ್ರತಿ ವಾಪಸಾತಿಯನ್ನೂ ಅದರ ಆರ್ಡರ್ ಬಂದ ವಾರಕ್ಕೇ ಸೇರಿಸಬೇಕು. ಗ್ರಾಹಕರ ಕೈ ಸೇರದೆ ಕೊರಿಯರ್‌ನಿಂದಲೇ ಹಿಂದಿರುಗಿದ ಪಾರ್ಸೆಲ್‌ಗಳ ಕಾರಣವೇ ಬೇರೆ; ಅವನ್ನು ಪ್ರತ್ಯೇಕವಾಗಿ ಎಣಿಸಬೇಕು.

ಇಷ್ಟಾದ ಮೇಲೂ ಕುರ್ತಿಗಳ ವಾಪಸಾತಿ ನೂರಕ್ಕೆ 18ರಿಂದ 30ಕ್ಕೆ ಏರಿದೆ ಎಂದಿಟ್ಟುಕೊಳ್ಳೋಣ. ಬಿಡಿಸಿ ನೋಡಿದರೆ ಹೆಚ್ಚಳವೆಲ್ಲ ಒಂದೇ ಹತ್ತಿ ಕುರ್ತಿಯ ಹೊಸ ಲಾಟಿನಲ್ಲಿದೆ. ಗ್ರಾಹಕರು ಆ್ಯಪ್‌ನಲ್ಲಿ ಒತ್ತಿದ ಕಾರಣವನ್ನಷ್ಟೇ ನಂಬುವಂತಿಲ್ಲ. ಬೇಗ ಮುಗಿಸಲು ಕೈಗೆ ಸಿಕ್ಕ ಸಾಲನ್ನು ಒತ್ತುವವರಿದ್ದಾರೆ. ಅದಕ್ಕಿಂತ ಗಟ್ಟಿ ಸಾಕ್ಷಿ ವಿನಿಮಯದ್ದು: ‘ಎಂ’ ಮರಳಿಸಿದವರಲ್ಲಿ ಬಹುತೇಕರು ‘ಎಲ್’ ಕೇಳಿದ್ದರೆ ಬಟ್ಟೆ ಬಿಗಿಯಾಗಿದೆ ಎಂದರ್ಥ. ಆಗ ಟೇಪು ಹಿಡಿದು ಹಳೆಯ ಮತ್ತು ಹೊಸ ಲಾಟಿನ ಕೆಲವು ಕುರ್ತಿಗಳ ಎದೆಯಳತೆ ಹೋಲಿಸಬೇಕು. ಹೊಸದರಲ್ಲಿ ಒಂದು ಇಂಚು ಕಡಿಮೆಯಿದ್ದರೆ ದೋಷ ಕಟಿಂಗ್ ಅಥವಾ ಹೊಲಿಗೆಯಲ್ಲಿರಬಹುದು. ಎರಡೂ ಸಮವಿದ್ದರೆ ಪುಟದಲ್ಲಿನ ಅಳತೆ ಪಟ್ಟಿ ಬದಲಾಗಿದೆಯೇ ನೋಡಬೇಕು. ತಿದ್ದಿದ ಬಳಿಕ ಮಾರಿದ ಕುರ್ತಿಗಳ ವಾಪಸಾತಿ ಅವಧಿ ಮುಗಿಯುವವರೆಗೆ ಫಲಿತಾಂಶ ಖಚಿತವಾಗುವುದಿಲ್ಲ.