ಕ್ಯಾಂಪ್ ಅರಬ್ಬಿಯಿಂದ ಆಚೆಗೆ

ಸೌದಿ ಅರೇಬಿಯಾದ ಪೂರ್ವ ತೀರದ ದಮ್ಮಾಮ್, ಜುಬೈಲ್‌ಗಳಿಗೆ ಕೆಲಸಕ್ಕೆ ಹೋದ ನಮ್ಮ ಕರಾವಳಿಯವರಿಗೆ ಆರೇಳು ತಿಂಗಳಲ್ಲಿ ಒಂದು ಬಗೆಯ ಅರಬ್ಬಿ ತಾನಾಗಿಯೇ ಬಾಯಿಗೆ ಬರುತ್ತದೆ. ‘ಅನಾ ಮಾಫಿ ಮಾಲೂಮ್’ ಎಂದರೆ ನನಗೆ ಗೊತ್ತಿಲ್ಲ. ‘ಎಂತಾ ರೂಹ್’ ಎಂದರೆ ನೀನು ಹೋಗು. ಅದೇ ಮಾತಿಗೆ ನೀನು ಹೋಗುತ್ತೀಯಾ ಎಂದೂ ಅರ್ಥ, ಹೋಗಿದ್ದೆಯಾ ಎಂದೂ ಅರ್ಥ. ಸೈಟಿನಲ್ಲಿ, ಬಕಾಲಾ ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಮಲಯಾಳಿ, ಬಂಗಾಳಿ, ಪಾಕಿಸ್ತಾನಿ, ಫಿಲಿಪೀನಿ, ಜೊತೆಗೆ ಅರಬರು, ಎಲ್ಲರೂ ಸೇರಿ ಕಟ್ಟಿಕೊಂಡ ಮಾತಿದು. ಭಾಷಾಶಾಸ್ತ್ರಜ್ಞರು ಇದನ್ನು ಗಲ್ಫ್ ಪಿಜಿನ್ ಎಂದು ಕರೆಯುತ್ತಾರೆ.

ತೊಂದರೆಯೆಂದರೆ ಅದು ಅಲ್ಲಿಗೇ ನಿಂತುಬಿಡುತ್ತದೆ. ಹದಿನೈದು ವರ್ಷ ದುಡಿದವರೂ ಆಸ್ಪತ್ರೆಯ ಕೌಂಟರಿನಲ್ಲಿ, ಪೊಲೀಸ್ ಠಾಣೆಯಲ್ಲಿ ತಮ್ಮ ಮಾತನ್ನು ತಾವೇ ಹೇಳಲಾಗದೆ ಇನ್ನೊಬ್ಬರನ್ನು ಜೊತೆಗೆ ಕರೆದೊಯ್ಯುವುದನ್ನು ನೋಡಿದ್ದೇನೆ. ಅವರು ದಡ್ಡರಲ್ಲ. ಅವರ ಕಿವಿಗೆ ಬಿದ್ದದ್ದೇ ಕ್ಯಾಂಪಿನ ಅರಬ್ಬಿ, ಏಕೆಂದರೆ ನಮ್ಮಂಥವರನ್ನು ಕಂಡರೆ ಸೌದಿಗಳೂ ಅದೇ ಮುರುಕು ಮಾತಿಗೆ ಇಳಿಯುತ್ತಾರೆ. ನಿಜವಾದ ಅರಬ್ಬಿ ಬೇಕೆಂದರೆ ಅದನ್ನು ಬೇರೆಯಾಗಿಯೇ ಕಲಿಯಬೇಕು. ಹತ್ತು ತಾಸಿನ ಡ್ಯೂಟಿ ಮುಗಿಸಿದವನು ಸಂಜೆ ತರಗತಿಗೆ ಹೋಗುವ ಮಾತು ದೂರ. ಕೈಯಲ್ಲಿ ಉಳಿಯುವುದು ಕಂಪನಿ ಬಸ್ಸು. ದಮ್ಮಾಮ್‌ನಲ್ಲಿ ಉಳಿದುಕೊಂಡು ಜುಬೈಲ್‌ನ ಕೈಗಾರಿಕಾ ನಗರಕ್ಕೆ ಹೋಗಿಬರುವವರಿಗೆ ಒಂದೊಂದು ಕಡೆಗೂ ತಾಸಿಗಿಂತ ಹೆಚ್ಚು ಹೊತ್ತು ಬಸ್ಸಿನಲ್ಲೇ ಹೋಗುತ್ತದೆ.

ಬಸ್ಸಿನಲ್ಲಿ ಪುಸ್ತಕ ಬಿಚ್ಚುವುದು ಬೇಡ. ಬೆಳಗಿನ ಐದೂವರೆಯ ಕತ್ತಲಲ್ಲಿ, ಕುಲುಕಾಟದಲ್ಲಿ, ಚುಕ್ಕೆಗಳಿಂದಲೇ ಒಂದರಿಂದೊಂದು ಬೇರೆಯಾಗುವ ಅಕ್ಷರಗಳನ್ನು ಓದಲು ಕುಳಿತರೆ ತಲೆನೋವು ಬರುತ್ತದೆ. ಅದು ಕಿವಿ ಮತ್ತು ನಾಲಿಗೆಯ ಹೊತ್ತು. ಅದಕ್ಕೆ ತಕ್ಕ ಸರಕನ್ನು ನಾವೇ ಮಾಡಿಕೊಳ್ಳಬೇಕು. ಪೇಟೆಯಲ್ಲಿ ಸಿಗುವ ಪಾಠಗಳ ಧ್ವನಿಮುದ್ರಣಗಳು ಬಹುಪಾಲು ಫುಸ್ಹಾ, ಎಂದರೆ ಪತ್ರಿಕೆ, ಸುದ್ದಿ, ಭಾಷಣಗಳ ಶಿಷ್ಟ ಅರಬ್ಬಿ. ಅದರಲ್ಲಿ ‘ನನಗೆ ಬೇಕು’ ಎನ್ನಲು ‘ಉರೀದ್’, ‘ಈಗ’ ಎನ್ನಲು ‘ಅಲ್‌ಆನ್’. ಪೂರ್ವ ಪ್ರಾಂತ್ಯದ ಸೌದಿ ತನ್ನ ಮನೆಯಲ್ಲಿ ಆಡುವುದು ‘ಅಬೀ’, ‘ಅಲ್ಹೀನ್’. ಉರೀದ್ ಎಂದರೆ ಅವನಿಗೆ ಅರ್ಥವಾಗುತ್ತದೆ. ಅವನು ಅಬೀ ಎಂದಾಗ ನಮಗೆ ಅರ್ಥವಾಗುವುದಿಲ್ಲ. ಹಾಗಾಗಿ ಮೊದಲ ವರ್ಷ ಕಿವಿಗೆ ಆಡುನುಡಿಯೇ ಬೀಳಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದಾರಿ ಸರಳ. ಕೆಲಸದಲ್ಲಿ ಪರಿಚಯದ ಒಬ್ಬ ಸೌದಿಯನ್ನು ಹಿಡಿದು ವಾರಕ್ಕೊಮ್ಮೆ ಐದಾರು ವಾಕ್ಯಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹೇಳಿ ಕಳಿಸಲು ಕೇಳುವುದು. ನಿಮ್ಮ ಮನೆಯಲ್ಲಿ ತಾಯಿಯ ಜೊತೆ ಆಡುವ ಹಾಗೆ ಹೇಳಿ ಎಂದು ಒತ್ತಿ ಹೇಳಬೇಕು, ಇಲ್ಲದಿದ್ದರೆ ಅವರು ಪಾಠ ಹೇಳುವ ಧಾಟಿಯಲ್ಲಿ ಫುಸ್ಹಾಕ್ಕೆ ಏರುತ್ತಾರೆ, ಇಲ್ಲವೇ ಪಿಜಿನ್‌ಗೆ ಇಳಿಯುತ್ತಾರೆ. ಒಂದೊಂದು ವಾಕ್ಯದ ನಡುವೆ ಅಷ್ಟೇ ಉದ್ದದ ಮೌನ ಬಿಡಿಸಿಕೊಳ್ಳಬೇಕು. ಆ ಮೌನದಲ್ಲಿ ನಾವು ಹೇಳುತ್ತೇವೆ, ಪಕ್ಕದ ಸೀಟಿನವನಿಗೆ ತೊಂದರೆಯಾಗದಷ್ಟು ಮೆಲ್ಲಗೆ, ಆದರೆ ತುಟಿ ಅಲ್ಲಾಡಿಸಿ. ಬರೀ ಕೇಳಿದವರಿಗೆ ಮೂರು ತಿಂಗಳಲ್ಲಿ ಎಲ್ಲ ಅರ್ಥವಾಗುತ್ತದೆ, ಬಾಯಿ ಮಾತ್ರ ಬಿಚ್ಚುವುದಿಲ್ಲ.

ಒಂದು ವಾರದ ಪಾಠ ಹೇಗಿರುತ್ತದೆಂದು ನೋಡೋಣ. ಉಗ್ರಾಣದ ಗೇಟಿನಲ್ಲಿ ದಿನವೂ ನಡೆಯುವ ಮಾತು ಇದು. ಕಾವಲಿನವನು ‘ವೇನ್ ರಾಯಿಹ್?’ ಎನ್ನುತ್ತಾನೆ, ಎಲ್ಲಿಗೆ ಹೊರಟೆ ಎಂದು. ‘ಅರೂಹ್ ಅಲ್‌ಮುಸ್ತೌದಅ್, ತಸ್ರೀಹ್ ಮಈ’, ಉಗ್ರಾಣಕ್ಕೆ ಹೋಗುತ್ತೇನೆ, ಪರವಾನಗಿ ನನ್ನ ಬಳಿ ಇದೆ. ‘ಮಿತಾ ತರ್ಜಅ್?’ ಯಾವಾಗ ಮರಳುತ್ತೀ? ‘ಅರ್ಜಅ್ ಬಅ್ದ್ ಸಾಅ’, ಒಂದು ತಾಸಿನ ಮೇಲೆ ಮರಳುತ್ತೇನೆ.

ವಾರದ ಮೊದಲೆರಡು ದಿನ ಇದನ್ನು ಹೀಗೆಯೇ ಕೇಳಿ ಹೇಳುವುದು. ಮೂರನೆಯ ದಿನದಿಂದ ಒಂದೇ ಕ್ರಿಯಾಪದವನ್ನು ಹಿಡಿದು ತಿರುಗಿಸುವುದು. ನಾನು ಹೋಗುತ್ತೇನೆ, ಅರೂಹ್. ನೀನು, ತರೂಹ್. ಹೆಂಗಸಿಗಾದರೆ ತರೂಹೀನ್. ಅವನು, ಯರೂಹ್. ನಾವು, ನರೂಹ್. ಅವರು, ಯರೂಹೂನ್. ಕ್ಯಾಂಪಿನ ಅರಬ್ಬಿಯಲ್ಲಿ ಇವೆಲ್ಲಕ್ಕೂ ಒಂದೇ ‘ರೂಹ್’. ನಾನು ಹೋಗು, ಅವಳು ಹೋಗು, ಅವರು ಹೋಗು ಎಂದು ಯಾರಾದರೂ ಕನ್ನಡ ಆಡಿದರೆ ನಮ್ಮ ಕಿವಿಗೆ ಹೇಗೆ ಕೇಳಿಸೀತೋ ಅವರಿಗೂ ಹಾಗೆಯೇ ಕೇಳಿಸುತ್ತದೆ. ಕನ್ನಡಿಗರಿಗೆ ಈ ವಿಚಾರ ಹೊಸದಲ್ಲ. ಹೋಗುತ್ತೇನೆ, ಹೋಗುತ್ತಾಳೆ ಎಂದು ನಾವು ಯಾರೆಂಬುದನ್ನು ಕ್ರಿಯಾಪದದ ಬಾಲದಲ್ಲಿ ಕಟ್ಟುತ್ತೇವೆ. ಅವರು ಈ ರೂಪಗಳಲ್ಲಿ ಮುಖ್ಯವಾಗಿ ತಲೆಯಲ್ಲಿ ಕಟ್ಟುತ್ತಾರೆ. ಆರು ರೂಪ ನಾಲಿಗೆಗೆ ಕೂತ ಮೇಲೆ ‘ಅರ್ಜಅ್, ತರ್ಜಅ್, ಯರ್ಜಅ್’ ಎಂದು ಮುಂದಿನ ಕ್ರಿಯಾಪದ ಅದೇ ಹಾದಿಯಲ್ಲಿ ಬರುತ್ತದೆ. ಇಲ್ಲ ಎನ್ನುವುದಕ್ಕೆ ಮುಂದೆ ‘ಮಾ’ ಸೇರಿಸಿದರೆ ಸಾಕು: ಮಾ ಅರೂಹ್, ಹೋಗುವುದಿಲ್ಲ. ಮಾ ಅದ್ರೀ, ಗೊತ್ತಿಲ್ಲ. ‘ಮಾಫಿ’ ಎಂಬುದು ಅರಬ್ಬಿಯಲ್ಲಿ ಇರುವ ಮಾತೇ. ಆದರೆ ಅದು ಒಂದು ವಸ್ತು ಇಲ್ಲ ಎನ್ನುವುದಕ್ಕೆ ಮಾತ್ರ. ಈ ಒಂದು ತಿದ್ದುಪಡಿಯಿಂದಲೇ ಎದುರಿನವರು ನಮ್ಮನ್ನು ಬೇರೆ ರೀತಿ ನೋಡತೊಡಗುತ್ತಾರೆ.

ಸಂಜೆಯ ಬಸ್ಸಿನಲ್ಲಿ ದಣಿವು ಇರುತ್ತದೆ. ಆಗ ಹೊಸದೇನೂ ಬೇಡ. ಬೆಳಗಿನ ಸಂಭಾಷಣೆಯನ್ನು ಧ್ವನಿಯಿಲ್ಲದೆ ಒಮ್ಮೆ ನೆನಪಿಸಿಕೊಂಡು, ತಡವರಿಸಿದ ಕಡೆ ಮಾತ್ರ ಮತ್ತೆ ಕೇಳಿ ನಿದ್ದೆ ಮಾಡಬಹುದು. ಬೆಳಗಿನದು ಸಂಜೆಗೆ ನೆನಪಾಗದಿದ್ದರೆ ಆ ವಾರದ ಪಾಠ ಉದ್ದವಾಯಿತು ಎಂದರ್ಥ. ಎರಡು ವಾಕ್ಯ ಕಡಿಮೆ ಮಾಡಬೇಕು.

ಇನ್ನು ಲಿಪಿ. ಇದಕ್ಕೆ ಚಹಾ ವಿರಾಮದ ಹತ್ತು ನಿಮಿಷ ಸಾಕು, ಆದರೆ ಅದನ್ನು ಬಿಟ್ಟು ಮುಂದೆ ಹೋಗಬಾರದು. ನಮ್ಮಲ್ಲಿ ಹೆಚ್ಚಿನವರು ಅರಬ್ಬಿ ಪದಗಳನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದುಕೊಂಡು ಕಲಿಯುತ್ತಾರೆ. ಅಲ್ಲೇ ಎರಡು ಬೇರೆ ಹಕಾರಗಳು ಒಂದಾಗಿ ಹೋಗುತ್ತವೆ. ಒಂದು ನಮ್ಮದೇ ಹ. ಇನ್ನೊಂದು ಕನ್ನಡಕ ಒರೆಸುವ ಮುಂಚೆ ಗಾಜಿನ ಮೇಲೆ ಊದುವಾಗ ಗಂಟಲಿನಿಂದ ಬರುವ ಬಿಸಿಯುಸಿರಿನಂಥದ್ದು, ರೂಹ್‌ನಲ್ಲಿರುವುದು ಅದೇ. ಸಕಾರವೂ ಎರಡು, ತಕಾರವೂ ಎರಡು. ಮೇಲೆ ನಾನು ಅ್ ಎಂದು ಬರೆದ ‘ಐನ್’ ಎಂಬ ಅಕ್ಷರಕ್ಕಂತೂ ಕನ್ನಡದಲ್ಲಿ ಗುರುತೇ ಇಲ್ಲ. ಆರಂಭದಲ್ಲೇ ಅರಬ್ಬಿ ಅಕ್ಷರದಲ್ಲಿ ಬರೆದವರ ಕಿವಿ ಇವನ್ನು ಬೇರೆಬೇರೆಯಾಗಿ ಹಿಡಿಯಲು ಕಲಿಯುತ್ತದೆ. ಇನ್ನೊಂದು ಕಡೆ ಕನ್ನಡ ನಮ್ಮ ಕೈಹಿಡಿಯುತ್ತದೆ. ಹ್ರಸ್ವ ದೀರ್ಘ, ಒತ್ತಕ್ಷರಗಳಿಂದ ಅರ್ಥ ಬದಲಾಗುವುದು ಮರಿ, ಮಾರಿ, ಬಳಿ, ಬಳ್ಳಿ ಎಂದು ಬೆಳೆದ ನಮಗೆ ರಕ್ತಗತ. ಅರಬ್ಬಿಯಲ್ಲಿ ‘ದರಸ’ ಎಂದರೆ ಓದಿದ, ‘ದರ್ರಸ’ ಎಂದರೆ ಕಲಿಸಿದ. ಈ ವ್ಯತ್ಯಾಸವನ್ನು ಕನ್ನಡಿಗರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಲಿಪಿಯ ಅಭ್ಯಾಸಕ್ಕೆ ಹೆದ್ದಾರಿಯೇ ಸಿಗುತ್ತದೆ. ಸೌದಿ ಕಾರುಗಳ ನಂಬರ್ ಪ್ಲೇಟಿನಲ್ಲಿ ಮೇಲೆ ಅರಬ್ಬಿಯಲ್ಲೂ ಕೆಳಗೆ ಇಂಗ್ಲಿಷಿನಲ್ಲೂ ಅದೇ ಅಂಕಿ, ಅಕ್ಷರಗಳಿರುತ್ತವೆ. ಅಂಕಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಅವರ ಐದು ನಮ್ಮ ಸೊನ್ನೆಯಂತಿದೆ, ಸೊನ್ನೆ ಬರೀ ಚುಕ್ಕೆ, ಆರು ಇಂಗ್ಲಿಷಿನ ಏಳರಂತೆ. ಕೆಳಗೆ ನೋಡಿ ತಾಳೆ ಹಾಕಬಹುದು. ಹೇಳುವಾಗ ಬಿಡಿಯಂಕಿ ಮೊದಲು, 25ಕ್ಕೆ ‘ಖಮ್ಸ ವ ಇಶ್ರೀನ್’, ಐದು ಮತ್ತು ಇಪ್ಪತ್ತು. ಎದುರಿನ ಕಾರಿನ ನಂಬರು ಕಣ್ಮರೆಯಾಗುವುದರೊಳಗೆ ಹೇಳಿ ಮುಗಿಸಬೇಕು. ಆದರೆ ಅಕ್ಷರಗಳಲ್ಲಿ ಎಚ್ಚರ ಬೇಕು. ಪ್ಲೇಟಿನಲ್ಲಿ ಬಳಸುವುದು 17 ಅಕ್ಷರ ಮಾತ್ರ, ಮತ್ತು ಅವುಗಳ ಇಂಗ್ಲಿಷ್ ಜೋಡಿ ಎಲ್ಲೆಡೆ ಉಚ್ಚಾರಕ್ಕೆ ಹೊಂದುವುದಿಲ್ಲ. ಮಕಾರದ ಕೆಳಗೆ ಝಡ್, ಗಂಟಲಿನ ಹಕಾರದ ಕೆಳಗೆ ಜೆ, ದಪ್ಪ ಸಕಾರದ ಕೆಳಗೆ ಎಕ್ಸ್ ಇರುತ್ತದೆ. ಇದನ್ನೇ ಅಕ್ಷರಮಾಲೆ ಎಂದುಕೊಂಡವರು ಅಂಗಡಿಯ ಬೋರ್ಡನ್ನು ತಪ್ಪಾಗಿ ಓದುತ್ತಾರೆ.

ಅಕ್ಷರ ಬಂದ ಮೇಲೆ ಪದಗಳ ಬೇರು ಕಾಣತೊಡಗುತ್ತದೆ, ಮತ್ತು ಅಲ್ಲಿ ನಮ್ಮ ತಾಲೂಕು ಕಚೇರಿ ನೆರವಿಗೆ ಬರುತ್ತದೆ. ಕೆಲಸದ ಜಾಗದ ಪಂಚಿಂಗ್ ಯಂತ್ರದಲ್ಲಿ ಒಳಬರುವಾಗ ಒತ್ತುವ ಗುಂಡಿಯ ಮೇಲೆ ‘ಹುದೂರ್’ ಎಂದಿರುತ್ತದೆ. ಹ, ದ, ರ ಅದರ ಮೂರು ಮೂಲಾಕ್ಷರ. ಅದೇ ಬೇರಿನಿಂದ ‘ಹಾದಿರ್’, ಬಂದಿದ್ದೇನೆ. ‘ಮಹ್ದರ್’, ನಡೆದದ್ದರ ದಾಖಲೆ. ಪಾರಸಿಯ ಮೂಲಕ ನಮಗೆ ಬರುವಾಗ ಆ ದಪ್ಪ ದಕಾರ ಜಕಾರವಾಯಿತು: ಹಾಜರ್, ಮಹಜರ್. ಬಾಗಿಲ ಮೇಲಿನ ‘ದುಖೂಲ್’ ನಮ್ಮ ದಾಖಲೆಯ ಬೇರು. ‘ಖುರೂಜ್’ ಎಂಬ ನಿರ್ಗಮನದ ಪದಕ್ಕೂ ನಮ್ಮ ಖರ್ಚಿಗೂ ಬೇರು ಒಂದೇ. ಹೊರಹೋಗುವುದು ಎಂದದರ ಅರ್ಥ. ಊರಿಗೆ ಹೋಗಿಬರುವ ವೀಸಾಕ್ಕೆ ‘ಖುರೂಜ್ ವ ಔದಾ’ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ಚಹಾ ವಿರಾಮಕ್ಕೊಂದು ಬೇರು, ಅದರಿಂದ ಹುಟ್ಟಿದ ಮೂರು ಪದ, ಕೈಯಾರೆ ಬರೆದದ್ದು. ಅಷ್ಟಕ್ಕೆ ನಿಲ್ಲಿಸಬೇಕು.

ಮುನ್ನಡೆದಿದ್ದೇವೆಯೇ ಎಂದು ತಿಳಿಯಲು ಪರೀಕ್ಷೆ ಬರೆಯಬೇಕಾಗಿಲ್ಲ. ಗೇಟಿನವನು ನಮ್ಮೊಡನೆ ‘ಮಾಫಿ’, ‘ಎಂತಾ ರೂಹ್’ ಎನ್ನುವುದನ್ನು ಬಿಟ್ಟು ತನ್ನವರೊಡನೆ ಆಡುವ ವೇಗದಲ್ಲಿ ಮಾತು ಶುರುಮಾಡಿದರೆ ಹಾದಿ ಸರಿಯಿದೆ. ಆಗ ಅರ್ಧ ಅರ್ಥವಾಗದೆ ಹಿಂದೆ ಬಿದ್ದಂತೆ ಅನಿಸುತ್ತದೆ. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ, ನನಗೆ ಅತಿ ಬೇಸರವಾಗುವುದೂ ಇದಕ್ಕೇ. ‘ಶ್ವಯ್ಯ ಶ್ವಯ್ಯ’, ನಿಧಾನ ಎಂದು ಕೇಳಿಕೊಳ್ಳಬೇಕು, ಇಂಗ್ಲಿಷಿಗೆ ಹಾರಬಾರದು. ಕೆಲಸದಲ್ಲಿರುವವರನ್ನು ಕಂಡಾಗ ‘ಅಲ್ಲಾಹ್ ಯಅ್ತೀಕ್ ಅಲ್‌ಆಫಿಯಾ’, ದೇವರು ನಿಮಗೆ ಆರೋಗ್ಯ ಕೊಡಲಿ ಎಂದು ಮಾತು ಆರಂಭಿಸುವುದು ಅಲ್ಲಿಯ ರೂಢಿ. ಅದನ್ನು ಸರಿಯಾಗಿ ಹೇಳಿದವನೊಡನೆ ಯಾರೂ ಪಿಜಿನ್‌ಗೆ ಇಳಿಯಲು ಅವಸರ ಮಾಡುವುದಿಲ್ಲ.

ಬಸ್ಸಿನ ಮಿತಿಯೂ ತಿಳಿದಿರಲಿ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ ಅರಬ್ಬಿಗೆ 88 ವಾರ, 2200 ತಾಸುಗಳ ತರಗತಿ ಬೇಕೆಂದು ಲೆಕ್ಕ ಹಾಕಿದೆ. ಬಸ್ಸು, ಚಹಾ ಎಲ್ಲ ಸೇರಿ ದಿನಕ್ಕೊಂದು ತಾಸು, ವರ್ಷಕ್ಕೆ 250 ತಾಸು ಸಿಕ್ಕರೆ ಅದೇ ದೊಡ್ಡದು. ಹಾಗೆ ಒಂದೂವರೆ ವರ್ಷದಲ್ಲಿ ಗೇಟು, ಅಂಗಡಿ, ಔಷಧದಂಗಡಿ, ಸಹೋದ್ಯೋಗಿಯ ಮನೆಯ ಗಹ್ವಾ, ಇಷ್ಟರ ಮಾತು ಬರುತ್ತದೆ. ಪತ್ರಿಕೆ ಓದಲು, ಕೆಲಸದ ಕರಾರುಪತ್ರ ಅರಿಯಲು ಫುಸ್ಹಾ ಬೇಕೇ ಬೇಕು, ಮತ್ತು ಅದು ಮೇಜಿನ ಮುಂದೆ ಕೂತು ಕಲಿಯುವಂಥದ್ದು. ಅದಕ್ಕೆ ಶುಕ್ರವಾರದ ಬೆಳಿಗ್ಗೆ ಒಂದೂವರೆ ತಾಸು ಎತ್ತಿಡಬಹುದು. ಪುಸ್ತಕವಾಗಿ ನಾನು ಕೊಡುವುದು ಮದೀನಾ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಕಲಿಸಿದ ವಿ. ಅಬ್ದುರ್ ರಹೀಮ್ ಅವರ ಮೂರು ಭಾಗಗಳ ಪಾಠಮಾಲೆ. ಅವರು ತಮಿಳುನಾಡಿನ ವಾಣಿಯಂಬಾಡಿಯವರು. ಮೊದಲ ಭಾಗ ಇದೇನು, ಇದು ಮನೆ ಎಂಬಷ್ಟರಿಂದ ಶುರುವಾಗಿ ಒಂದೊಂದೇ ನಿಯಮವನ್ನು ಚಿಕ್ಕ ವಾಕ್ಯಗಳಲ್ಲಿ ಬಿಚ್ಚುತ್ತದೆ. ಕಿವಿ ಆಗಲೇ ಪಳಗಿದವರಿಗೆ ಅದರ ಮೊದಲ ಭಾಗ ಕೆಲವೇ ತಿಂಗಳ ಶುಕ್ರವಾರಗಳಲ್ಲಿ ಮುಗಿಯುತ್ತದೆ. ಎರಡನೆಯ ಭಾಗಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು.