ಎಡಿಟರ್‌ಗೆ ಬರೆಯುವ ಮೇಲ್‌ನಲ್ಲಿ ಏನಿರಬೇಕು?

ದಾವಣಗೆರೆಯ ಸ್ಟುಡಿಯೊವೊಂದು ಮದುವೆ ಶೂಟ್ ಮಾಡಿ, ಎಡಿಟಿಂಗ್ ಕೆಲಸವನ್ನು ಬೆಂಗಳೂರಿನ ಫ್ರೀಲಾನ್ಸ್ ಎಡಿಟರ್‌ಗೆ ಒಪ್ಪಿಸುತ್ತಿದೆ ಎಂದುಕೊಳ್ಳಿ. ‘ಫುಟೇಜ್ ಕಳಿಸಿದ್ದೇವೆ, ಚೆನ್ನಾಗಿ ಸಿನಿಮ್ಯಾಟಿಕ್ ಆಗಿ ಮಾಡಿಕೊಡಿ, ಸ್ವಲ್ಪ ಅರ್ಜೆಂಟು’ ಎಂದಷ್ಟೇ ಮೇಲ್ ಹೋದರೆ ಎಡಿಟರ್ ಊಹೆಯ ಮೇಲೆ ಕೆಲಸ ಶುರು ಮಾಡುತ್ತಾರೆ. ಊಹೆ ತಪ್ಪಿದರೆ ವಾರದ ದುಡಿಮೆ ಮತ್ತೆ ಮೊದಲಿಂದ.

ಮೊದಲು ಫುಟೇಜ್ ವಿವರ. ಎರಡು ಕ್ಯಾಮೆರಾ, ಒಟ್ಟು 8 ಗಂಟೆಯ 4ಕೆ ಚಿತ್ರೀಕರಣ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಆಗಿದ್ದರೆ ಗಂಟೆಗೆ 45 ಜಿಬಿ, ಎಲ್ಲ ಸೇರಿ 360 ಜಿಬಿ. 40 ಎಂಬಿಪಿಎಸ್ ವೇಗದಲ್ಲಿ ಅಪ್‌ಲೋಡ್ ಮಾಡಲು 20 ಗಂಟೆ ಬೇಕು. ಅದಕ್ಕೇ ಹಲವರು ಹಾರ್ಡ್ ಡಿಸ್ಕನ್ನು ಕೊರಿಯರ್ ಮಾಡಿ, ಇನ್ನೊಂದು ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಯಾವ ಫೋಲ್ಡರ್‌ನಲ್ಲಿ ಯಾವ ಕ್ಯಾಮೆರಾ, ಧಾರೆ ಎಲ್ಲಿದೆ, ಮಂತ್ರದ ಆಡಿಯೊ ಬೇರೆ ರೆಕಾರ್ಡರ್‌ನಲ್ಲಿದೆಯೇ ಎಂಬುದನ್ನೂ ಬರೆಯಬೇಕು. S-Log3 ಪ್ರೊಫೈಲ್‌ನಲ್ಲಿ ತೆಗೆದ ಚಿತ್ರ ಬೂದುಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಅದನ್ನು ತಿಳಿಸದಿದ್ದರೆ ಎಡಿಟರ್ ಸರಿಯಾದ ಬಣ್ಣ ಪರಿವರ್ತನೆ ಬಿಟ್ಟು ಕೈಯಳತೆಯಲ್ಲಿ ತಿದ್ದುತ್ತಾ ಕೂರುತ್ತಾರೆ. ರೇಷ್ಮೆ ಸೀರೆಯ ಕೆಂಪು ಎಲ್ಲಿಗೋ ಹೋಗಿಬಿಡುತ್ತದೆ.

ಎರಡನೆಯದು ಶೈಲಿ. ‘ಈ ವಿಡಿಯೊ ಥರ’ ಎಂದು ಲಿಂಕ್ ಕೊಟ್ಟರೆ ಸಾಲದು. ಅದರಲ್ಲಿ ಮೆಚ್ಚಿದ್ದೇನು ಎಂಬುದು ಮುಖ್ಯ. ‘ಮೊದಲ 40 ಸೆಕೆಂಡಿನಲ್ಲಿ ಹಿನ್ನೆಲೆ ಸಂಗೀತವಿಲ್ಲದೆ ಮನೆಮಂದಿಯ ಮಾತು ಮಾತ್ರ ಕೇಳುತ್ತದಲ್ಲ, ಅದು ಬೇಕು. ಬಣ್ಣ ಅಷ್ಟು ಹಳದಿ ಬೇಡ. ಸ್ಲೋಮೋಷನ್ ಅರಿಶಿನ ಶಾಸ್ತ್ರಕ್ಕೆ ಮಾತ್ರ’ ಎಂದು ಬರೆದರೆ ಎಡಿಟರ್‌ಗೆ ಹಿಡಿತ ಸಿಗುತ್ತದೆ. ಸ್ಲೋಮೋಷನ್ನಿಗೂ ಫುಟೇಜಿಗೂ ನಂಟಿದೆ: 50 ಫ್ರೇಮ್‌ನಲ್ಲಿ ತೆಗೆದದ್ದನ್ನು 25 ಫ್ರೇಮ್‌ನ ವಿಡಿಯೊದಲ್ಲಿ ಅರ್ಧ ವೇಗಕ್ಕೆ ಇಳಿಸಿದರೂ ನಯವಾಗಿರುತ್ತದೆ. 25ರಲ್ಲೇ ತೆಗೆದದ್ದು ತಡವರಿಸುತ್ತದೆ.

ಕೊನೆಗೆ ಕೊಡಬೇಕಾದ ರೂಪ. ಇದನ್ನು ಕೊನೆಯಲ್ಲಿ ಬರೆದರೂ ಎಡಿಟರ್ ಮೊದಲು ಓದುವುದು ಇದನ್ನೇ. ಟಿವಿಯಲ್ಲಿ ನೋಡುವ ಒಂದೂವರೆ ಗಂಟೆಯ ಚಿತ್ರ, 4 ನಿಮಿಷದ ಹೈಲೈಟ್ಸ್, ಮೊಬೈಲಿಗೆ ಉದ್ದುದ್ದ ರೀಲ್: ಮೂರಕ್ಕೂ ಚೌಕಟ್ಟು ಬೇರೆ. ಅಡ್ಡ ಚಿತ್ರದಿಂದ ಲಂಬ ರೀಲ್ ಕತ್ತರಿಸಿದಾಗ ಅಗಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿಯುತ್ತದೆ. ಅಂತರಪಟದ ಆಚೀಚೆ ನಿಂತ ವಧೂವರರಲ್ಲಿ ಒಬ್ಬರು ಚೌಕಟ್ಟಿನಿಂದಾಚೆ! ಹಾಗಾಗಿ ರೀಲ್ ಬೇಕೆಂಬುದು ಸಾಧ್ಯವಾದರೆ ಶೂಟಿಂಗಿಗೂ ಮುಂಚೆ ತೀರ್ಮಾನವಾಗಬೇಕು. ಮೇಲ್‌ನಲ್ಲಿ ‘1920x1080, 25 ಫ್ರೇಮ್, MP4, H.264’ ಎಂದು ಸ್ಪಷ್ಟವಾಗಿ ಹಾಕಬೇಕು.

ಗಡುವಿಗೆ ಒಂದೇ ತಾರೀಖು ಸಾಲದು. ಮೊದಲ ಕಟ್ 10ಕ್ಕೆ, ನಮ್ಮ ತಿದ್ದುಪಡಿಗಳ ಪಟ್ಟಿ 13ರ ಸಂಜೆಯೊಳಗೆ, ಅಂತಿಮ ಪ್ರತಿ 18ಕ್ಕೆ ಎಂದಿದ್ದರೆ ತಡವಾದಾಗ ಯಾರಿಂದ ಎಂಬುದು ತಿಳಿಯುತ್ತದೆ. ಎಷ್ಟು ಸುತ್ತಿನ ತಿದ್ದುಪಡಿ ಒಪ್ಪಿದ ಹಣದಲ್ಲೇ ಸೇರಿದೆ, ಅದರಾಚೆಗೆ ಎಷ್ಟು ಎಂಬುದನ್ನೂ ಅದೇ ಮೇಲ್‌ನಲ್ಲಿ ಬರೆದುಬಿಡಿ. ಜಗಳ ಹುಟ್ಟುವುದು ಹೆಚ್ಚಾಗಿ ಆ ಸಾಲು ಇಲ್ಲದ ಕಡೆಯೇ.