ಸುತ್ತೋಲೆಯ ಕೊನೆಯ ದಿನಾಂಕ ಎಣಿಸುವ ಪಾಠ

ಏಕಸಂಬಿಯಲ್ಲಿ ಏಳನೆಯ ತರಗತಿಗೆ ಕೊಟ್ಟ ಗಣಿತ ಅಭ್ಯಾಸ ಪಾಠಕ್ಕೆ ನಾನು 2024ರ ದಸರಾ ರಜೆಯ ಮೇಲೆ ಒಂದು ಮಾದರಿ ಸುತ್ತೋಲೆ ಬರೆದುಕೊಂಡಿದ್ದೆ: ‘ಅಕ್ಟೋಬರ್ 3ರಿಂದ 20ರವರೆಗೆ ರಜೆ. ಶಾಲೆ ಪುನರಾರಂಭವಾಗುವ ದಿನವೂ ಸೇರಿ 10 ಕೆಲಸದ ದಿನಗಳೊಳಗೆ ಶುಲ್ಕ ಕಟ್ಟಬೇಕು.’

ರಜೆ ಎಷ್ಟು ದಿನ ಎಂದು ಕೇಳಿದಾಗ ಹಲವರು 20ರಲ್ಲಿ 3 ಕಳೆದು 17 ಎಂದರು. ಮೂರನೆಯ ತಾರೀಖೂ ರಜೆಯೇ. ಆದ್ದರಿಂದ 1 ಕೂಡಿಸಿ 18. ಶಾಲೆ ತೆರೆಯುವುದು 21ರ ಸೋಮವಾರ.

ಶುಲ್ಕದ ಗಡುವನ್ನು ಮಕ್ಕಳು ಬೆರಳೆಣಿಸಿ 30 ಎಂದರು. ಆಗ ಕರಿಹಲಗೆಯ ಮೇಲೆ ಕ್ಯಾಲೆಂಡರ್ ಬರೆದು ಒಂದೊಂದೇ ದಿನ ಗುರುತಿಸಿದೆವು. 21ರಿಂದ 26ರವರೆಗೆ ಆರು ದಿನ. ಶನಿವಾರದ ಅರ್ಧ ದಿನವೂ ಕೆಲಸದ ದಿನವೇ. 27 ಭಾನುವಾರ. 28, 29, 30 ಸೇರಿ ಒಂಬತ್ತು. 31 ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2 ಬಲಿಪಾಡ್ಯಮಿ, 3 ಭಾನುವಾರ. ಹತ್ತನೆಯ ಕೆಲಸದ ದಿನ ನವೆಂಬರ್ 4.

‘ಕೆಲಸದ’ ಎಂಬ ಒಂದು ಪದ ಬಿಟ್ಟರೆ ಪಾಲಕರಿಗೆ ಐದು ದಿನ ಕಡಿಮೆಯಾಗುತ್ತದೆ. ‘ದಿನವೂ ಸೇರಿ’ ಬದಲು ‘ಮರುದಿನದಿಂದ’ ಎಂದರೆ ಗಡುವು 5ಕ್ಕೆ ಹೋಗುತ್ತದೆ. ಅದಕ್ಕೇ ಸುತ್ತೋಲೆಯಲ್ಲಿ ದಿನಗಳ ಸಂಖ್ಯೆಯ ಜೊತೆಗೆ ತಾರೀಖು, ವಾರ ಎರಡನ್ನೂ ಬರೆಯಬೇಕೆಂದು ಮಕ್ಕಳೇ ತಿದ್ದುಪಡಿ ಸೂಚಿಸಿದರು.